ಕೋಡುಬಳೆಗೂ ವೇಟಿಂಗ್ ಲಿಸ್ಟ್

(ಹಾಸನದಲ್ಲಿ ಮನೆಯಲ್ಲೇ ತಿಂಡಿ ಮಾಡಿ ಮಾರುವ ಹೆಣ್ಣುಮಕ್ಕಳ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಾನು ಸೋತ ಕಥೆ ಹೇಳಿಬಿಡುತ್ತೇನೆ, ಆಮೇಲೆ ಹೇಳುವುದೆಲ್ಲ ಅದರಿಂದಲೇ ಹುಟ್ಟಿದ್ದು.

ಮೊದಲ ಸಲ ನಾನು ಮಾರಲು ಹೊರಟಿದ್ದು ಚಕ್ಕುಲಿ. ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೋ ಹಾಕಿದೆ. ಹಿತ್ತಾಳೆ ತಟ್ಟೆ, ಬಾಳೆಲೆ, ಪಕ್ಕದಲ್ಲಿ ಮಲ್ಲಿಗೆ. ಕೆಳಗೆ "ಯಾರಿಗೆಲ್ಲ ಬೇಕು?" ಅಂತ ಬರೆದೆ. ಇನ್ನೂರಕ್ಕೂ ಹೆಚ್ಚು ಜನ "ಬೇಕು", "ನನಗೂ", "ಬಾಯಲ್ಲಿ ನೀರು ಬಂತು" ಅಂತ ಬರೆದರು. ಕುಣಿದುಕೊಂಡು ಹೋಗಿ ಅತ್ತೆಗೆ ಹೇಳಿದೆ, "ಅತ್ತೆ, ಇನ್ನೂರು ಜನ ಬೇಕು ಅಂದಿದ್ದಾರೆ." ಅವರು ಒಲೆಯ ಕಡೆ ನೋಡಿಕೊಂಡೇ, "ಬೇಕು ಅನ್ನೋಕೆ ದುಡ್ಡು ಕೊಡಬೇಕೇನಮ್ಮ?" ಅಂದರು. ನಾನು ಕೇಳಲಿಲ್ಲ. ಹದಿನೈದು ಕೆಜಿ ಮಾಡಿದೆವು. ಏಳು ಪ್ಯಾಕೆಟ್ ಹೋಯಿತು. ಉಳಿದದ್ದನ್ನು ಒಂದು ತಿಂಗಳು ನಾವೇ ತಿಂದೆವು, ಹಾಲು ಹಾಕುವವರಿಂದ ಹಿಡಿದು ಮಕ್ಕಳ ಟ್ಯೂಷನ್ ಮೇಡಂವರೆಗೆ ಹಂಚಿದೆವು.

ಎರಡನೇ ಸಲ ಕೋಡುಬಳೆ. ಈ ಸಲ ಮಾರಾಟ ಶುರು ಮಾಡುವ ಆರು ವಾರ ಮುಂಚೆಯೇ ವೇಟಿಂಗ್ ಲಿಸ್ಟ್ ತೆರೆದೆ. ರೈಲಿನಲ್ಲಿ ವೇಟಿಂಗ್ ಲಿಸ್ಟ್ ನಂಬರ್ ಸಿಕ್ಕವರು ಊರಿಗೆ ಹೋಗಲೇಬೇಕಾದವರು, ಸುಮ್ಮನೆ ಹೆಸರು ಬರೆಸಿದವರಲ್ಲ. ನಮ್ಮ ಪಟ್ಟಿಯಲ್ಲೂ ಅಂಥವರೇ ಇರಬೇಕು. ಲೈಕ್ ಎಣಿಸಿದರೆ ಅದು ಗೊತ್ತಾಗುವುದಿಲ್ಲ. ಯಾವ ಊರಿಗೆ, ಎಷ್ಟು ಪ್ಯಾಕೆಟ್ ಬೇಕು ಅನ್ನುವುದನ್ನು ಹೇಳಿದರೆ ಮಾತ್ರ ಪಟ್ಟಿ ಅಡುಗೆಮನೆಗೆ ಪ್ರಯೋಜನಕ್ಕೆ ಬರುತ್ತದೆ.

ಹಾಗಾಗಿ ಫೋನ್ ಮುಟ್ಟುವ ಮುಂಚೆ ನಾವು ಕೈ ಎಣಿಸಿದೆವು. ಚಕ್ಕುಲಿಯಾದರೆ ಒರಳಲ್ಲಿ ಒತ್ತಬಹುದು. ಕೋಡುಬಳೆಯನ್ನು ಒಂದೊಂದಾಗಿ ಹೊಸೆದು ಬಳೆ ಮಾಡಬೇಕು. ಅದರ ಮೇಲೆ ಸಣ್ಣ ಉರಿಯಲ್ಲಿ, ಎಣ್ಣೆಯ ನೊರೆ ಅಡಗುವವರೆಗೆ ಕಾಯಬೇಕು. ನೊರೆ ಏಳುತ್ತಿದೆ ಅಂದರೆ ಒಳಗಿನ ನೀರು ಇನ್ನೂ ಹೊರಗೆ ಬರುತ್ತಿದೆ ಅಂತ ಅರ್ಥ. ಅವಸರಕ್ಕೆ ಬಿದ್ದು ಅಷ್ಟರಲ್ಲೇ ತೆಗೆದರೆ ಹೊರಗೆ ಕೆಂಪಗೆ ಕಾಣುತ್ತದೆ, ಎರಡು ದಿನಕ್ಕೆ ಮೆತ್ತಗಾಗುತ್ತದೆ. ನಾನು, ಅತ್ತೆ ಇಬ್ಬರೂ ಕೂತರೆ ದಿನಕ್ಕೆ ನಾಲ್ಕು ಕೆಜಿ. ವಾರಕ್ಕೆ ಮೂರು ದಿನ ಮಾಡಿದರೆ ಹನ್ನೆರಡು ಕೆಜಿ. ಕಾಲು ಕೆಜಿ ಪ್ಯಾಕೆಟ್ ಲೆಕ್ಕದಲ್ಲಿ 48. ಮುರಿದದ್ದಕ್ಕೆ, ರುಚಿ ನೋಡಲು ಕೊಡುವುದಕ್ಕೆ ಅಂತ ನಾಲ್ಕು ಬಿಟ್ಟರೆ ಮಾರಲು ಉಳಿಯುವುದು 44. ಈ 44 ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮುಂದೆ ಯಾವ ಆಸೆ ಬಂದರೂ ಆ ಚೀಟಿ ನೋಡಿಕೊಳ್ಳುತ್ತಿದ್ದೆ.

ಈಗ ಪಟ್ಟಿಗೆ ಬರೋಣ. ನಾನು ಪಟ್ಟಿ ಇಟ್ಟಿದ್ದು ಇನ್‌ಸ್ಟಾಗ್ರಾಂನಲ್ಲಲ್ಲ, ವಾಟ್ಸಾಪ್ ಬಿಸಿನೆಸ್‌ನಲ್ಲಿ. ಇನ್‌ಸ್ಟಾಗ್ರಾಂನಲ್ಲಿ ಫಾಲೋ ಮಾಡಿದವರಿಗೆಲ್ಲ ನನ್ನ ಪೋಸ್ಟ್ ಕಾಣುತ್ತದೆ ಅನ್ನುವ ಖಾತರಿ ಇಲ್ಲ. ಫೋನ್ ನಂಬರ್ ಇದ್ದರೆ ನಾನೇ ಹುಡುಕಿಕೊಂಡು ಹೋಗಿ ಹೇಳಬಹುದು. ಜನ ಸೇರುವುದು ಸಂತೆಯಲ್ಲಾದರೂ ಲೆಕ್ಕದ ಪುಸ್ತಕ ಮನೆಯಲ್ಲಿರಬೇಕು, ಅಷ್ಟೇ. ಇದಕ್ಕಾಗಿ ಬೇರೆ ಸಿಮ್ ತೆಗೆದುಕೊಂಡೆ. ಮನೆಯ ನಂಬರ್ ಕೊಟ್ಟರೆ ರಾತ್ರಿ ಹನ್ನೊಂದಕ್ಕೆ "ಮೇಡಂ ಇದೆಯಾ" ಅಂತ ಬರುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಜನ ಇನ್‌ಸ್ಟಾಗ್ರಾಂನಿಂದ ವಾಟ್ಸಾಪ್‌ಗೆ ಬರಲು ಒಂದು ಲಿಂಕ್ ಸಾಕು. ಅದನ್ನು ಒತ್ತಿದರೆ ನಮ್ಮ ಚಾಟ್ ತೆರೆದುಕೊಂಡು, ಕಳಿಸಬೇಕಾದ ಪದ ಮೊದಲೇ ಬರೆದಿಟ್ಟಂತೆ ಇರುತ್ತದೆ. ಆ ಪದವನ್ನು ನಾನು ಒಂದೊಂದು ಜಾಗಕ್ಕೂ ಬೇರೆ ಬೇರೆ ಇಟ್ಟೆ:

```
https://wa.me/91XXXXXXXXXX?text=KB-REEL
https://wa.me/91XXXXXXXXXX?text=KB-STORY
https://wa.me/91XXXXXXXXXX?text=KB-STATUS
```

X ಇರುವ ಕಡೆ ನಿಮ್ಮ ಹತ್ತು ಅಂಕಿ. ಮೊದಲನೆಯದು ಪ್ರೊಫೈಲ್‌ನಲ್ಲಿ, ಅಂದರೆ ರೀಲ್ ನೋಡಿ ಬಂದವರಿಗೆ. ಎರಡನೆಯದು ಸ್ಟೋರಿಯ ಲಿಂಕ್ ಸ್ಟಿಕ್ಕರ್‌ಗೆ. ಮೂರನೆಯದನ್ನು ನೆಂಟರಿಷ್ಟರಿಗೆ ಕಳಿಸಿ "ನಿಮ್ಮ ಸ್ಟೇಟಸ್‌ಗೆ, ಗ್ರೂಪಿಗೆ ಹಾಕಿ" ಅಂದೆ. ಯಾರು ಎಲ್ಲಿಂದ ಬಂದರು ಅನ್ನುವುದು ಅವರ ಮೊದಲ ಮೆಸೇಜಿನಲ್ಲೇ ಗೊತ್ತಾಗುತ್ತದೆ, ಆ ಚಾಟ್‌ಗೆ ಒಂದು ಲೇಬಲ್ ಹಾಕಿದರೆ ಆಯಿತು. ಇದಕ್ಕೆ ಖರ್ಚೇನೂ ಇಲ್ಲ. ಆದರೆ ಈ ಮೂರು ಲಿಂಕ್ ನನಗೆ ಕಲಿಸಿದ್ದು ದೊಡ್ಡದು, ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಮೆಸೇಜ್ ಬಂದ ತಕ್ಷಣ ನಾನು ಕಳಿಸುತ್ತಿದ್ದ ಉತ್ತರ ಹೀಗಿತ್ತು: "ನಮಸ್ಕಾರ. ಕೋಡುಬಳೆ ನವರಾತ್ರಿ ಆದ ಮೇಲೆ ಶುರು. ಕಾಲು ಕೆಜಿಗೆ 150 ರೂಪಾಯಿ, ಕಳಿಸುವ ಖರ್ಚು ಬೇರೆ. ವಾರಕ್ಕೆ 44 ಪ್ಯಾಕೆಟ್ ಮಾತ್ರ. ಮೊದಲು ಹಾಸನ ಮತ್ತು ಬೆಂಗಳೂರು, ಆಮೇಲೆ ಬೇರೆ ಊರು. ನಿಮ್ಮ ಹೆಸರು, ಪಿನ್‌ಕೋಡ್, ಎಷ್ಟು ಪ್ಯಾಕೆಟ್, ಖಾರ ಎಷ್ಟಿರಬೇಕು ತಿಳಿಸಿ. ಈ ನಂಬರನ್ನು ಸೇವ್ ಮಾಡಿಕೊಳ್ಳಿ, ಇಲ್ಲದಿದ್ದರೆ ನಮ್ಮ ಮೆಸೇಜ್ ನಿಮಗೆ ತಲುಪುವುದಿಲ್ಲ."

ಬೆಲೆಯನ್ನು ಮೊದಲೇ ಹೇಳಿದ್ದಕ್ಕೆ ನನ್ನ ತಂಗಿ ಬೈದಳು. "ಮೊದಲು ಆಸೆ ಹುಟ್ಟಿಸಬೇಕು ಅಕ್ಕ, ಆಮೇಲೆ ರೇಟು" ಅಂದಳು. ನನಗೆ ಒಪ್ಪಿಗೆಯಾಗಲಿಲ್ಲ. ಬೆಲೆ ಕೇಳಿ ಹೋಗುವವರು ಇವತ್ತೇ ಹೋಗಲಿ. ಹಿಟ್ಟು ಕಲಸಿದ ಮೇಲೆ ಹೋದರೆ ನಷ್ಟ ಯಾರಿಗೆ? ನಾಲ್ಕು ಪ್ರಶ್ನೆಗೆ ಉತ್ತರ ಟೈಪ್ ಮಾಡುವಷ್ಟು ವ್ಯವಧಾನ ಇಲ್ಲದವರು ಹಣ ಕಳಿಸುವುದೂ ಅನುಮಾನವೇ. ಲಿಂಕ್ ಒತ್ತಿ ಬಂದು, ಉತ್ತರ ಕೊಡದೆ ಸುಮ್ಮನಾದವರನ್ನು ನಾನು ಪಟ್ಟಿಗೆ ಸೇರಿಸಲೇ ಇಲ್ಲ. ಆರು ವಾರದ ಕೊನೆಗೆ ನಾಲ್ಕಕ್ಕೂ ಉತ್ತರಿಸಿದವರು 212 ಜನ.

ಇನ್ನು ಆರು ವಾರ ಏನು ತೋರಿಸಿದೆ ಅಂತ ಕೇಳುತ್ತೀರಿ. ವಾರಕ್ಕೆ ಎರಡು ರೀಲ್, ದಿನಾ ಒಂದು ಸ್ಟೋರಿ. ಅತ್ತೆಯ ಕೈ ಮಾತ್ರ ಕಾಣುವಂತೆ ಬಳೆ ಹೊಸೆಯುವುದು, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು, ಕಾಯಿಸಿದ ಎಣ್ಣೆ ಹಿಟ್ಟಿಗೆ ಬಿದ್ದಾಗ ಚುರ್ ಅನ್ನುವುದು. ಎಲ್ಲಕ್ಕಿಂತ ಹೆಚ್ಚು ಓಡಿದ್ದು ಕೋಡುಬಳೆ ಮುರಿಯುವ ಸದ್ದಿನ ರೀಲ್. ಹಿನ್ನೆಲೆಗೆ ಹಾಡಿಲ್ಲ, ಮಾತಿಲ್ಲ, ಕಟುಂ ಅಂತ ಮುರಿಯುವ ಸದ್ದು ಮಾತ್ರ, ಹನ್ನೊಂದು ಸೆಕೆಂಡ್. ನಲವತ್ತು ಸಾವಿರ ಜನ ನೋಡಿದರು. ಮನೆಯಲ್ಲಿ ಹಬ್ಬದ ವಾತಾವರಣ.

ಈಗ ಲಿಂಕಿನ ವಿಷಯ. ರೀಲ್ ನೋಡಿ ಪಟ್ಟಿಗೆ ಬಂದವರು 19 ಜನ. ನಲವತ್ತು ಸಾವಿರಕ್ಕೆ ಹತ್ತೊಂಬತ್ತು! ಅದೇ ವಾರ ಬೆಂಗಳೂರಿನಲ್ಲಿರುವ ನನ್ನ ನಾದಿನಿ ಅವಳ ಅಪಾರ್ಟ್‌ಮೆಂಟಿನ ಗ್ರೂಪಿಗೆ ಎರಡು ಸಾಲು ಬರೆದು ಹಾಕಿದಳು, "ನಮ್ಮಮ್ಮ ಮಾಡೋ ಕೋಡುಬಳೆ, ಹೋದ ಗೌರಿ ಹಬ್ಬಕ್ಕೆ ನಿಮಗೆಲ್ಲ ಕೊಟ್ಟಿದ್ದೆನಲ್ಲ, ಅದೇ" ಅಂತ. ಅದೊಂದರಿಂದ 61 ಜನ ಬಂದರು. ಕಾರಣ ಹುಡುಕಲು ಕಷ್ಟಪಡಬೇಕಿಲ್ಲ. ಅವರಲ್ಲಿ ಅರ್ಧ ಜನ ಅದನ್ನು ತಿಂದಿದ್ದರು, ಉಳಿದರ್ಧ ತಿಂದವರ ಪಕ್ಕದ ಮನೆಯವರು. ರೀಲ್ ನೋಡಿದವರಿಗೆ ಅದೊಂದು ಸದ್ದು, ಅಷ್ಟೇ. ಹಾಗಂತ ರೀಲ್ ವ್ಯರ್ಥ ಅನ್ನಲಾರೆ. ನಾದಿನಿಯ ಗ್ರೂಪಿನವರು ಲಿಂಕ್ ಒತ್ತುವ ಮುಂಚೆ ನಮ್ಮ ಪೇಜ್ ತೆರೆದು ನೋಡಿದ್ದರು, "ಅಡುಗೆಮನೆ ಶುದ್ಧವಾಗಿದೆ, ನೋಡಿದೆವು" ಅಂತ ಇಬ್ಬರು ಬರೆದೂ ಇದ್ದರು. ರೀಲ್ ನಂಬಿಕೆಗೆ ಆಯಿತು, ಪಟ್ಟಿ ತುಂಬಿಸಿದ್ದು ಮಾತ್ರ ಪರಿಚಯ. ಇದು ಗೊತ್ತಾದ ಮೇಲೆ ನಾಲ್ಕನೇ ವಾರದಿಂದ ರೀಲ್ ಒಂದಕ್ಕಿಳಿಸಿ, ಉಳಿದ ಸಮಯದಲ್ಲಿ ಅಂಥ ಇನ್ನೂ ನಾಲ್ಕು ಗ್ರೂಪಿನವರಿಗೆ ರುಚಿ ನೋಡಲು ಒಂದೊಂದು ಡಬ್ಬಿ ಕಳಿಸಿದೆ.

ಪಿನ್‌ಕೋಡ್ ಯಾಕೆ ಕೇಳಿದೆ ಅಂದರೆ, ಮೊದಲ ಮೂರು ಅಂಕಿ ನೋಡಿದರೆ ಸಾಕು, ಪಟ್ಟಿ ತಾನೇ ಗುಂಪಾಗುತ್ತದೆ. 560 ಬೆಂಗಳೂರು, 573 ನಮ್ಮ ಹಾಸನದ ಕಡೆ, 570 ಮೈಸೂರು. ನನ್ನ ಪಟ್ಟಿಯಲ್ಲಿ ಬೆಂಗಳೂರಿನವರು 96, ಹಾಸನದವರು 58, ಮೈಸೂರಿನವರು 21, ಉಳಿದವರು ಚದುರಿದಂತೆ. ಒಂಬತ್ತು ಜನ ವಿದೇಶದಲ್ಲಿರುವ ನಮ್ಮವರು, ಅವರಿಗೆ "ಸದ್ಯಕ್ಕೆ ಆಗುವುದಿಲ್ಲ, ಊರಿಗೆ ಬಂದಾಗ ಹೇಳಿ" ಅಂತ ನೇರವಾಗಿ ಹೇಳಿಬಿಟ್ಟೆ. ಒಂದು ಪ್ಯಾಕೆಟನ್ನು ಕೊರಿಯರ್‌ನಲ್ಲಿ ಬೆಂಗಳೂರಿಗೆ ಕಳಿಸಿದರೆ ಅದರ ಖರ್ಚು ಕೋಡುಬಳೆಯ ಬೆಲೆಯ ಅರ್ಧ ಮುಟ್ಟುತ್ತಿತ್ತು. ಆದರೆ ಬೆಂಗಳೂರಿನವರಲ್ಲಿ ಬಹಳ ಜನ ಒಂದೇ ಕಡೆಯವರು ಅಂತ ಪಟ್ಟಿಯಿಂದಲೇ ತಿಳಿಯಿತು. ಹಾಗಾಗಿ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಬಸ್ಸಿನ ಪಾರ್ಸೆಲ್‌ಗೆ ಹಾಕಿ ನಾದಿನಿ ಮನೆಗೆ ಕಳಿಸುವುದು, ಅವರು ಅಲ್ಲಿಂದ ತೆಗೆದುಕೊಂಡು ಹೋಗುವುದು ಅಂತ ಮಾಡಿದೆವು. ಪಿನ್‌ಕೋಡ್ ಕೇಳದೆ ಇದ್ದಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ.

ಜನರನ್ನು ಕಾಯಿಸಿದ ಆರು ವಾರದಲ್ಲಿ ಅಡುಗೆಮನೆಯಲ್ಲಿ ಮಾಡಬೇಕಾದ ಕೆಲಸವೂ ಇತ್ತು. ಒಂದು, ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನೋಂದಣಿ. ಮನೆಯಿಂದ ಮಾರುವವರಿಗೂ ಅದು ಬೇಕು. foscos.fssai.gov.in ನಲ್ಲಿ ಅರ್ಜಿ ಹಾಕಬೇಕು, ಸಿಗುವ 14 ಅಂಕಿಯ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ಹಾಕಬೇಕು. ಆ ಸಂಖ್ಯೆ ಕೈಗೆ ಬರುವವರೆಗೆ ನಾನು ಯಾರಿಂದಲೂ ಒಂದು ರೂಪಾಯಿ ಮುಂಗಡ ತೆಗೆದುಕೊಳ್ಳಲಿಲ್ಲ.

ಇನ್ನೊಂದು, ಎಷ್ಟು ದಿನ ಇಡಬಹುದು ಅನ್ನುವುದು. "ಒಂದು ತಿಂಗಳು ಏನೂ ಆಗಲ್ಲ" ಅಂತ ಅತ್ತೆ ಹೇಳುತ್ತಿದ್ದರು. ಅದು ಮನೆಯ ಸ್ಟೀಲ್ ಡಬ್ಬಿಯ ಮಾತು, ದಿನಾ ಕೈ ಹಾಕಿ ಖಾಲಿ ಮಾಡುವ ಡಬ್ಬಿ. ಒಂದೇ ದಿನ ಮಾಡಿದ ಎಂಟು ಪ್ಯಾಕೆಟ್ ಸೀಲ್ ಮಾಡಿ, ದಿನಾಂಕ ಬರೆದು ಶೆಲ್ಫಿನಲ್ಲಿಟ್ಟೆ. ಏಳನೇ ದಿನ ಎರಡು ಒಡೆದೆ, ಚೆನ್ನಾಗಿತ್ತು. ಹದಿನಾಲ್ಕನೇ ದಿನವೂ ಚೆನ್ನಾಗಿತ್ತು. ಇಪ್ಪತ್ತೊಂದನೇ ದಿನ ಕವರ್ ಕತ್ತರಿಸುತ್ತಲೇ ಸಣ್ಣಗೆ ಕಮಟು ವಾಸನೆ. ಗರಿಗರಿ ಹಾಗೇ ಇತ್ತು, ಬಾಯಿಗೆ ಹಾಕಿದರೂ ಮೊದಲು ಗೊತ್ತಾಗಲಿಲ್ಲ, ನುಂಗಿದ ಮೇಲೆ ಗಂಟಲಲ್ಲಿ ಉಳಿಯಿತು. ಒಣಕೊಬ್ಬರಿಯ ಎಣ್ಣೆ ಕೆಡುವ ರೀತಿಯೇ ಅದು, ಅಂಗಡಿಯಲ್ಲೇ ಹಳೆಯದಾಗಿದ್ದ ಕೊಬ್ಬರಿಯಾದರೆ ಇನ್ನೂ ಬೇಗ. ಕೊಬ್ಬರಿ ಬಿಟ್ಟು ಮಾಡಿ ನೋಡಿದೆವು, ಬಹಳ ದಿನ ಬಂತು, ಆದರೆ ಅದು ಅತ್ತೆಯ ಕೋಡುಬಳೆ ಆಗಿರಲಿಲ್ಲ. ಕೊನೆಗೆ ಕೊಬ್ಬರಿ ಇರಲಿ, ಪ್ಯಾಕೆಟ್ ಮೇಲೆ ಹದಿನೈದು ದಿನ ಅಂತಲೇ ಹಾಕೋಣ ಅಂತ ತೀರ್ಮಾನವಾಯಿತು. ಹದಿನೈದು ದಿನ ಅಂದಮೇಲೆ ಮಾಡಿಟ್ಟು ಮಾರುವಂತಿಲ್ಲ. ಹಣ ಬಂದ ಮೇಲೆಯೇ ಹಿಟ್ಟು ಕಲಸಬೇಕು. ಇಷ್ಟಾದ ಮೇಲೆ ವೇಟಿಂಗ್ ಲಿಸ್ಟ್ ನಮಗೆ ಪ್ರಚಾರದ ತಂತ್ರವಾಗಿ ಉಳಿಯಲಿಲ್ಲ, ಅದಿಲ್ಲದೆ ಈ ತಿಂಡಿ ಮಾರಲು ದಾರಿಯೇ ಇರಲಿಲ್ಲ.

ಈ ಪರೀಕ್ಷೆಯನ್ನೂ ಸ್ಟೋರಿಯಲ್ಲಿ ಹಾಕಿದೆ, ಕಮಟು ಬಂದಿದ್ದನ್ನೂ ಸೇರಿಸಿ. ಹೆದರಿಕೆಯಿತ್ತು. ಪಟ್ಟಿಯಿಂದ ಒಬ್ಬರೂ ಹೋಗಲಿಲ್ಲ.

ಶುರು ಮಾಡುವ ಒಂದು ವಾರ ಮುಂಚೆ ನಡೆದದ್ದು ಕೇಳಿ, ಇದು ನಿಮಗೂ ಆಗುತ್ತದೆ. ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಅಂತ ಇದೆ, ಒಂದು ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದು. ಒಂದು ಮೆಸೇಜ್ ಬರೆದರೆ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಗ್ರೂಪ್ ಮಾಡಬೇಡಿ. ಗ್ರೂಪಿನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಅವರು ನಂಬರ್ ಕೊಟ್ಟಿದ್ದು ಕೋಡುಬಳೆಗೆ, ಊರಿಗೆಲ್ಲ ಹಂಚಲು ಅಲ್ಲ. ಎರಡನೇ ದಿನಕ್ಕೆ ಗುಡ್ ಮಾರ್ನಿಂಗ್ ಗುಲಾಬಿಯೂ ಶುರುವಾಗುತ್ತದೆ. ಬ್ರಾಡ್‌ಕಾಸ್ಟ್‌ನ ತೊಂದರೆ ಬೇರೆ. ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರಿಗೆ ಹೋಗುವುದೇ ಇಲ್ಲ, ಹೋಗಲಿಲ್ಲ ಅಂತ ನಮಗೆ ಯಾರೂ ಹೇಳುವುದೂ ಇಲ್ಲ.

ಅದಕ್ಕೇ ನಾನು ಮಾರಾಟದ ಮೆಸೇಜಿಗೆ ಮುಂಚೆ ಒಂದು ಪರೀಕ್ಷೆಯ ಮೆಸೇಜ್ ಕಳಿಸಿದೆ: "ಮುಂದಿನ ಸೋಮವಾರ ಶುರು." ಮಾರನೆಯ ದಿನ ಆ ಮೆಸೇಜನ್ನು ಒತ್ತಿಹಿಡಿದು ಇನ್ಫೋ ನೋಡಿದೆ. ಯಾರಿಗೆ ತಲುಪಿದೆ ಅಂತ ಅಲ್ಲಿ ತೋರಿಸುತ್ತದೆ. 212ರಲ್ಲಿ ತಲುಪಿದ್ದು 131. ಉಳಿದ 81 ಜನರಿಗೆ ಒಬ್ಬೊಬ್ಬರಿಗೂ ಹೆಸರು ಹಾಕಿ ನೇರ ಚಾಟ್‌ನಲ್ಲಿ ಬರೆದೆ, ಎರಡು ಸಂಜೆ ಹಿಡಿಯಿತು. 34 ಜನ "ಅಯ್ಯೋ ಸೇವ್ ಮಾಡೋದು ಮರೆತಿದ್ದೆ" ಅಂದರು. ಅಲ್ಲಿಗೆ ನಿಜವಾದ ಪಟ್ಟಿ 165. ಅದರಲ್ಲಿ ಹಾಸನ, ಬೆಂಗಳೂರಿನವರು 118. ಈ ಪರೀಕ್ಷೆ ಮಾಡದೆ ಇದ್ದಿದ್ದರೆ ಮಾರಾಟದ ದಿನ 81 ಜನರಿಗೆ ಬೇಡವಾಯಿತು ಅಂದುಕೊಂಡು ಸುಮ್ಮನಾಗುತ್ತಿದ್ದೆ.

ಸೋಮವಾರ ಬೆಳಿಗ್ಗೆ 118 ಜನರಿಗೂ ಒಟ್ಟಿಗೆ ಕಳಿಸಲಿಲ್ಲ. 44 ಪ್ಯಾಕೆಟ್ ಇಟ್ಟುಕೊಂಡು 118 ಜನರನ್ನು ಕರೆದರೆ, ಆರು ವಾರ ಕಾದವರಿಗೆ "ಮುಗಿಯಿತು" ಅನ್ನಬೇಕಾಗುತ್ತದೆ. ಪಟ್ಟಿಗೆ ಸೇರಿದ ಕ್ರಮದಲ್ಲಿ ಮೊದಲ 50 ಜನರಿಗೆ ಮಾತ್ರ ಕಳಿಸಿದೆ, ನಾಳೆ ಬೆಳಿಗ್ಗೆ ಹತ್ತರವರೆಗೆ ಹಣ ಕಳಿಸಿದರೆ ನಿಮ್ಮದು ಅಂತ. 24 ಜನ ಕಳಿಸಿದರು, 31 ಪ್ಯಾಕೆಟ್. (ಯುಪಿಐ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕಿನ ಮೆಸೇಜ್ ಬಂದಿದೆಯಾ ನೋಡಿ.) ಅಂದರೆ ಕರೆದವರಲ್ಲಿ ಅರ್ಧದಷ್ಟು ಜನ ಕೊಳ್ಳುತ್ತಾರೆ, ಒಬ್ಬೊಬ್ಬರು ಒಂದಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದು 13 ಪ್ಯಾಕೆಟ್. ಅದಕ್ಕೆ ಹತ್ತು ಜನ ಸಾಕು, ಹತ್ತು ಜನ ಬೇಕಾದರೆ ಇಪ್ಪತ್ತು ಜನರನ್ನು ಕರೆಯಬೇಕು. ಮಂಗಳವಾರ ಇಪ್ಪತ್ತು ಜನರಿಗೆ ಕಳಿಸಿದೆ. 9 ಜನ, 12 ಪ್ಯಾಕೆಟ್. ಒಟ್ಟು 43. ಉಳಿದ ಒಂದನ್ನು ಮಗ ತಿಂದ.

ರೀಲ್‌ನಿಂದ ಬಂದ ಹತ್ತೊಂಬತ್ತು ಜನರಲ್ಲಿ ಆ ವಾರ ಹಣ ಕಳಿಸಿದವರು ಒಬ್ಬರೇ.

ಎರಡನೇ ವಾರ ನಾನು ಎಣಿಸದಿದ್ದ ತಾಪತ್ರಯ ಬಂತು. ಉಳಿದ 48 ಜನರನ್ನು ಕರೆದೆ, 22 ಜನ 29 ಪ್ಯಾಕೆಟ್‌ಗೆ ಹಣ ಕಳಿಸಿದರು. ಅಷ್ಟರಲ್ಲಿ ಮೊದಲ ವಾರ ಕೊಂಡ 33 ಜನರಲ್ಲಿ 14 ಜನ ಮತ್ತೆ ಬೇಕು ಅಂದರು, 20 ಪ್ಯಾಕೆಟ್. ಎರಡೂ ಸೇರಿ 49, ಫ್ರಿಜ್ಜಿನ ಮೇಲಿನ ಚೀಟಿ ಹೇಳುವುದು 44. ಮತ್ತೆ ಕೇಳುವವರು ಬಂಗಾರದಂಥ ಗಿರಾಕಿಗಳು. ಆದರೆ ಅವರಿಗೇ ಕೊಡುತ್ತಾ ಹೋದರೆ ಕಾಯುತ್ತಿರುವವರು ಕಾಯುತ್ತಲೇ ಇರುತ್ತಾರೆ. ಇನ್ನೊಂದು ದಿನ ಹೆಚ್ಚು ಮಾಡೋಣ ಅಂದೆ. ಅತ್ತೆ ಬೆರಳು ಚಾಚಿ ತೋರಿಸಿದರು, ಹೊಸೆದು ಹೊಸೆದು ಗಂಟು ಊದಿಕೊಂಡಿತ್ತು. ಹಾಗಾಗಿ ಹೊಸಬರಿಗೆ ಕೇಳಿದಷ್ಟು, ಮತ್ತೆ ಕೇಳಿದವರಿಗೆ ತಲೆಗೊಂದೇ ಪ್ಯಾಕೆಟ್ ಅಂತ ಮಾಡಿದೆವು. 29, 14, ಒಟ್ಟು 43. ಇಬ್ಬರು ಮುನಿಸಿಕೊಂಡರು, ಮುಂದಿನ ವಾರ ಅವರೇ ಮತ್ತೆ ಬರೆದರು.

ಹಣ ಕಳಿಸದವರನ್ನು ಮರೆಯಬೇಡಿ ಅಂತ ಕೊನೆಯದಾಗಿ ಒಂದು ಮಾತು. ಐದು ಜನರಿಗೆ ಫೋನ್ ಮಾಡಿ, ಮಾರುವ ಮಾತೇ ಆಡದೆ, ಯಾಕೆ ಬೇಡವಾಯಿತು ಅಂತ ಕೇಳಿದೆ. ಇಬ್ಬರು ಆ ವಾರ ಊರಲ್ಲಿರಲಿಲ್ಲ. ಒಬ್ಬರಿಗೆ ಬೆಲೆ ಹೆಚ್ಚಾಯಿತು. ಉಳಿದ ಇಬ್ಬರು ಹೇಳಿದ್ದು ಒಂದೇ, ಮನೆಯಲ್ಲಿ ಸಣ್ಣ ಮಕ್ಕಳು, ಖಾರ ಜಾಸ್ತಿ. ತಿರುಗಿ ಪಟ್ಟಿ ನೋಡಿದರೆ, ಖಾರದ ಪ್ರಶ್ನೆಗೆ "ಕಡಿಮೆ" ಅಂತ ಬರೆದವರು 23 ಜನ ಇದ್ದರು, ನಾನೇ ಕೇಳಿ ನಾನೇ ಓದಿರಲಿಲ್ಲ. ಅವರಿಗೆಲ್ಲ ಈಗ ಬೇರೆ ಲೇಬಲ್ ಹಾಕಿದ್ದೇನೆ. ಗುಂಟೂರು ಮೆಣಸಿನಕಾಯಿ ಬಿಟ್ಟು, ಬಣ್ಣಕ್ಕೆ ಬ್ಯಾಡಗಿ ಮಾತ್ರ ಹಾಕಿ ಎರಡು ಕೆಜಿ ಹಿಟ್ಟು ಈ ಭಾನುವಾರ ಕಲಸುತ್ತೇವೆ. ಎಂಟು ಪ್ಯಾಕೆಟ್ ಮತ್ತೆ ಶೆಲ್ಫಿಗೆ ಹೋಗಬೇಕು.